‘ತಿದ್ದಿಕೊಡು’ ಇಂಗ್ಲಿಷಿಗೆ ಹೋದಾಗ: ಕನ್ನಡದಲ್ಲಿ ಹುಟ್ಟಿದ ಪ್ರಾಂಪ್ಟ್ ದಾರಿಯಲ್ಲಿ ಕಳೆದುಕೊಳ್ಳುವುದೇನು?

ಎಐ ಸಾಧನಗಳನ್ನು ದಿನನಿತ್ಯ ಬಳಸುವ ಕನ್ನಡಿಗರಲ್ಲಿ ಹಲವರು ತಮಗೆ ಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಯೋಚಿಸಿ, ಒಂದೆರಡು ಸಾಲು ಗೀಚಿಕೊಂಡು, ಬಳಿಕ ಅದನ್ನು ಇಂಗ್ಲಿಷಿಗೆ ತಿರುಗಿಸಿ ಪ್ರಾಂಪ್ಟ್ ಆಗಿ ಕೊಡುತ್ತಾರೆ. ತಿರುಗಿಸುವಾಗ ಏನೋ ಸೋರಿಹೋಗುತ್ತದೆ ಎಂಬುದು ಅವರೆಲ್ಲರ ಅನುಭವ. ಏನು ಸೋರಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಕೆಲವು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಸಮಾನ ಪದವಿಲ್ಲ’ ಎಂಬುದು. ಈ ಉತ್ತರ ಸುಳ್ಳಲ್ಲ, ಆದರೆ ನಷ್ಟದ ದೊಡ್ಡ ಪಾಲು ಅಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಮಾನ ಪದವಿಲ್ಲದ ಪದ ಬಂದಾಗ ನಾವೇ ತಡೆದು ನಿಲ್ಲುತ್ತೇವೆ, ನಿಘಂಟು ನೋಡುತ್ತೇವೆ, ಎರಡು ಮಾತು ಹೆಚ್ಚು ಬರೆಯುತ್ತೇವೆ. ಸದ್ದಿಲ್ಲದೆ ಬಿದ್ದುಹೋಗುವುದು ಕ್ರಿಯಾಪದದ ಬಾಲ. ಮಾಡಿಬಿಟ್ಟೆ, ಮಾಡಿಕೊಟ್ಟೆ, ಮಾಡಿಕೊಂಡೆ, ಮಾಡಬೇಕಾಗಿಲ್ಲ, ಮಾಡುವುದು ಬೇಡ, ಮಾಡಬಾರದು ಎಂಬಲ್ಲಿ ಕೊನೆಗೆ ಅಂಟಿಕೊಂಡಿರುವ ಆ ತುಣುಕುಗಳಲ್ಲಿ ಕನ್ನಡಿಗರು ಸಂಬಂಧವನ್ನೂ ಮನಃಸ್ಥಿತಿಯನ್ನೂ ತುಂಬಿಡುತ್ತಾರೆ. ದಿನವಿಡೀ ಬಳಸುವುದರಿಂದ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬಿದ್ದುಹೋದಾಗಲೂ ಗೊತ್ತಾಗುವುದಿಲ್ಲ.

ಇಂಗ್ಲಿಷಿನ ಈ ಸುತ್ತುದಾರಿಯನ್ನು ಜನ ಸುಮ್ಮನೆ ಹಿಡಿದಿಲ್ಲ. ಈ ಎಐ ಸಾಧನಗಳ ಒಳಗೆ ಕೆಲಸ ಮಾಡುವ ಭಾಷಾ ಮಾದರಿಗಳು ಕಲಿತಿರುವ ಪಠ್ಯದಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದು, ಕನ್ನಡದ್ದು ತೀರ ಚಿಕ್ಕದು. ಅದರ ಜೊತೆಗೆ, ಮಾದರಿಯು ಪಠ್ಯವನ್ನು ಅಕ್ಷರಗಳಾಗಿ ಓದದೆ ಟೋಕನ್ ಎಂಬ ತುಣುಕುಗಳಾಗಿ ಒಡೆದುಕೊಂಡು ಓದುತ್ತದೆ. ಕಂಪ್ಯೂಟರು ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿಯೊಂದು ಚಿಹ್ನೆಗೆ 3 ಬೈಟ್ ಬೇಕು. ‘ನಮಸ್ಕಾರ’ ಎಂಬ ಪದದಲ್ಲಿ ಒತ್ತು, ದೀರ್ಘ ಎಲ್ಲ ಸೇರಿ 7 ಚಿಹ್ನೆಗಳಿವೆ, ಅಂದರೆ 21 ಬೈಟ್. ಹಳೆಯ ಮಾದರಿಗಳು ಟೋಕನ್ ಮಾಡುವಾಗ ಇಂಥ ಪದವನ್ನು ಬೈಟ್‌ಗಳ ಮಟ್ಟದಲ್ಲಿ ಅರ್ಥವಿಲ್ಲದ ಚೂರುಗಳಾಗಿ ಕತ್ತರಿಸುತ್ತಿದ್ದವು. ಹಾಗಾಗಿ ಕನ್ನಡದ ಪ್ರಾಂಪ್ಟ್ ಉದ್ದವಾಗುತ್ತಿತ್ತು, ಖರ್ಚು ಹೆಚ್ಚುತ್ತಿತ್ತು, ಉತ್ತರದ ಗುಣಮಟ್ಟವೂ ಇಳಿಯುತ್ತಿತ್ತು. ಹೊಸ ಮಾದರಿಗಳಲ್ಲಿ ಈ ಅಂತರ ಸಾಕಷ್ಟು ಕಡಿಮೆಯಾಗಿದ್ದರೂ ಅಭ್ಯಾಸ ಉಳಿದುಕೊಂಡಿದೆ.

ಅಭ್ಯಾಸಕ್ಕೆ ಪುಷ್ಟಿ ಕೊಡುವ ಸಂಶೋಧನೆಯೂ ಇದೆ. 2022ರಲ್ಲಿ ಪ್ರಕಟವಾದ ಎಂಜಿಎಸ್‌ಎಂ ಎಂಬ ಪರೀಕ್ಷೆಯಲ್ಲಿ ಶಾಲಾ ಮಟ್ಟದ 250 ಗಣಿತದ ಸಮಸ್ಯೆಗಳನ್ನು ತೆಲುಗು, ಬಂಗಾಳಿ ಸೇರಿದಂತೆ 10 ಭಾಷೆಗಳಿಗೆ ಅನುವಾದಿಸಿ ಮಾದರಿಗಳಿಗೆ ಕೊಟ್ಟಿದ್ದರು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಲೆಕ್ಕದ ಹಂತಗಳನ್ನು ಆಯಾ ಭಾಷೆಯಲ್ಲಿ ಬರೆಸುವುದಕ್ಕಿಂತ ಇಂಗ್ಲಿಷಿನಲ್ಲಿ ಬರೆಸಿದಾಗ ಫಲಿತಾಂಶ ಸಾಮಾನ್ಯವಾಗಿ ಅಷ್ಟೇ ಚೆನ್ನಾಗಿ ಅಥವಾ ಇನ್ನೂ ಚೆನ್ನಾಗಿ ಬಂತು. ಇದನ್ನು ಆಧಾರವಾಗಿಟ್ಟುಕೊಂಡು ‘ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿಯೇ ಕೇಳಬೇಕು’ ಎಂಬ ತೀರ್ಮಾನಕ್ಕೆ ಬರುವವರು ಒಂದು ವಿಷಯವನ್ನು ಮರೆಯುತ್ತಾರೆ. ಗಣಿತದ ಸಮಸ್ಯೆಯಲ್ಲಿ ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ ಎಂಬುದು ಮುಖ್ಯವಲ್ಲ. ಮೂರು ಪೆಟ್ಟಿಗೆ ಎಂಬುದು ಯಾವ ಭಾಷೆಗೆ ಹೋದರೂ ಮೂರು ಪೆಟ್ಟಿಗೆಯೇ. ಪತ್ರ, ಕ್ಷಮಾಪಣೆ, ಕೋರಿಕೆ, ಸಂಭಾಷಣೆ, ಕಥೆ ಇವುಗಳಲ್ಲಿ ಹಾಗಾಗುವುದಿಲ್ಲ. ಅದಕ್ಕಾಗಿಯೇ ಇಲ್ಲಿ ಒಂದೇ ಒಂದು ಪತ್ರದ ಪ್ರಾಂಪ್ಟನ್ನು ತೆಗೆದುಕೊಂಡು, ಅದರ ಒಂದೊಂದು ಎಳೆಯನ್ನೂ ಬಿಡಿಸಿ ನೋಡುತ್ತೇನೆ.

ಕನ್ನಡದಲ್ಲಿ ಯೋಚನೆ ಹೀಗಿದೆ ಎಂದುಕೊಳ್ಳೋಣ:

> ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಪುಸ್ತಕದ ಕರಡನ್ನು ತಿದ್ದಿಕೊಡು ಎಂದು ಕೇಳಿದ್ದರು. ದಾಕ್ಷಿಣ್ಯಕ್ಕೆ ಒಪ್ಪಿಕೊಂಡುಬಿಟ್ಟೆ. ಈಗ ಆಗುತ್ತಿಲ್ಲ. ಅವರಿಗೆ ಬೇಜಾರಾಗದ ಹಾಗೆ ಒಂದು ಪತ್ರ ಬರೆದುಕೊಡಿ. ತೀರಾ ಔಪಚಾರಿಕವಾಗಿರುವುದು ಬೇಡ, ಹಾಗೆಂದು ಸಲಿಗೆಯೂ ಬೇಡ. ಕಾರಣ ವಿವರಿಸಬೇಕಾಗಿಲ್ಲ.

ಒಟ್ಟು 26 ಪದಗಳು. ಕನ್ನಡ ಬಲ್ಲ ಯಾರೇ ಓದಿದರೂ ಅವರ ಕಣ್ಣ ಮುಂದೆ ಇಬ್ಬರು ಮನುಷ್ಯರು ಬಂದು ನಿಲ್ಲುತ್ತಾರೆ, ಅವರ ನಡುವಿನ ಸಲುಗೆಯೂ ಅಂತರವೂ ತಿಳಿಯುತ್ತದೆ. ಇದನ್ನು ಅನುವಾದ ಸಾಧನಕ್ಕೆ ಕೊಟ್ಟರೂ, ನಾವೇ ಅವಸರದಲ್ಲಿ ತಿರುಗಿಸಿದರೂ, ಹೆಚ್ಚುಕಡಿಮೆ ಹೀಗಾಗುತ್ತದೆ:

```
A senior colleague has asked me to edit the draft of his book.
I agreed out of courtesy. Now I cannot do it. Write a letter so
that he does not get upset. It should not be too formal, but not
casual either. No need to explain the reason.
```

ಈ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪಿಲ್ಲ, ಒಂದು ವಾಕ್ಯವೂ ಬಿಟ್ಟುಹೋಗಿಲ್ಲ. ತೊಂದರೆ ಇರುವುದೂ ಅಲ್ಲೇ. ಮೇಲ್ನೋಟಕ್ಕೆ ಸರಿಯಾಗಿರುವ ಅನುವಾದವನ್ನು ಯಾರೂ ಎರಡನೆಯ ಸಲ ಓದುವುದಿಲ್ಲ.

ಮೊದಲನೆಯ ವಾಕ್ಯದಲ್ಲಿ ಕಳೆದುಹೋದದ್ದಕ್ಕಿಂತ ಹೊಸದಾಗಿ ಸೇರಿಕೊಂಡದ್ದು ಹೆಚ್ಚು ಅಪಾಯಕಾರಿ. ಕನ್ನಡದ ‘ಒಬ್ಬರು’, ‘ತಮ್ಮ’, ‘ಅವರಿಗೆ’ ಎಂಬ ಗೌರವದ ರೂಪಗಳಲ್ಲಿ ಹೆಣ್ಣು ಗಂಡು ಎಂಬ ಭೇದವೇ ಇಲ್ಲ. ಇಂಗ್ಲಿಷಿನ ರೂಢಿಯ ವಾಕ್ಯ ಏನಾದರೊಂದನ್ನು ಆರಿಸಿಕೊಳ್ಳುವಂತೆ ಒತ್ತಾಯಿಸುತ್ತದೆ, ಅನುವಾದ ಸಾಧನ ತನ್ನ ಅಂದಾಜಿನಂತೆ ಒಂದನ್ನು ಹಾಕಿಬಿಡುತ್ತದೆ. ಇಲ್ಲಿ ‘ಹಿಸ್’ ಬಂದಿದೆ. ಸಹೋದ್ಯೋಗಿ ಮಹಿಳೆಯಾಗಿದ್ದರೆ ಪತ್ರದ ಸಂಬೋಧನೆಯೇ ತಪ್ಪಾಗುತ್ತದೆ. ‘ಹಿರಿಯ’ ಎಂಬುದಕ್ಕೂ ಇದೇ ಗತಿ. ಕನ್ನಡದಲ್ಲಿ ಅದು ವಯಸ್ಸಿನ ಹಿರಿತನವೂ ಆಗಬಹುದು, ಹುದ್ದೆಯ ಹಿರಿತನವೂ ಆಗಬಹುದು. ಕಚೇರಿಯ ಸಂದರ್ಭದಲ್ಲಿ ಇಂಗ್ಲಿಷಿನ ‘ಸೀನಿಯರ್’ ಹುದ್ದೆಯ ಕಡೆಗೆ ವಾಲುತ್ತದೆ. ಹಾಗಾಗಿ ಮಾದರಿಯು ಮೇಲಧಿಕಾರಿಗೆ ಬರೆಯುವ ಪತ್ರವನ್ನು ಸಿದ್ಧಪಡಿಸಲು ಹೊರಡುತ್ತದೆ.

ಇನ್ನು ‘ತಿದ್ದಿಕೊಡು’. ಈ ಒಂದು ಪದದಲ್ಲಿ ಮೂರು ಸಂಗತಿಗಳಿವೆ. ತಿದ್ದುವ ಕೆಲಸ ಒಂದು. ‘ಕೊಡು’ ಎಂಬ ಸಹಾಯಕ ಕ್ರಿಯಾಪದ ಹೇಳುವ, ಇದು ನನಗಾಗಿ ಮಾಡುವ ಉಪಕಾರ ಎಂಬ ಭಾವ ಇನ್ನೊಂದು. ಏಕವಚನದ ವಿಧ್ಯರ್ಥ ರೂಪ ಮೂರನೆಯದು. ಕೇಳಿದವರು ‘ತಿದ್ದಿಕೊಡಿ’ ಎನ್ನಲಿಲ್ಲ, ‘ತಿದ್ದಿಕೊಡು’ ಎಂದರು, ಅಂದರೆ ಅವರು ನನ್ನನ್ನು ನೀನು ಎಂದು ಕರೆಯುವಷ್ಟು ಹತ್ತಿರದವರು. ಅವರ ಬಗ್ಗೆ ನಾನು ‘ಕೇಳಿದ್ದರು’ ಎಂದು ಬಹುವಚನದಲ್ಲಿ ಹೇಳುತ್ತೇನೆ, ಅಂದರೆ ನಾನು ಅವರಿಗೆ ನೀನು ಎನ್ನುವುದಿಲ್ಲ. ಸಂಬಂಧದ ಇಡೀ ನಕ್ಷೆ ಎರಡು ಕ್ರಿಯಾಪದಗಳ ಕೊನೆಯಲ್ಲಿ ಸಿಕ್ಕಿಹೋಯಿತು. ಇಂಗ್ಲಿಷಿನ ‘ಎಡಿಟ್’ ಎಂಬಲ್ಲಿ ಕೆಲಸ ಮಾತ್ರ ಉಳಿದಿದೆ. ಉಪಕಾರ ಹೋಯಿತು, ಸಲುಗೆ ಹೋಯಿತು, ನನ್ನ ಕಡೆಯ ಗೌರವವೂ ಹೋಯಿತು. ಯಾರೋ ಒಬ್ಬ ಅಧಿಕಾರಿ ಯಾರಿಗೋ ಕೆಲಸ ಒಪ್ಪಿಸಿದ ವರದಿಯಂತೆ ಅದು ಕಾಣುತ್ತದೆ.

‘ದಾಕ್ಷಿಣ್ಯ’ ಎಂಬುದು ಅನುವಾದ ಕಷ್ಟವೆಂದು ಎಲ್ಲರೂ ಗುರುತಿಸುವ ಪದ. ಎದುರಿಗಿರುವವರ ಮೇಲಿನ ಗೌರವದಿಂದಲೋ ಹಳೆಯ ಹಂಗಿನಿಂದಲೋ ಇಲ್ಲ ಎನ್ನಲು ಬಾಯಿ ಬಾರದಿರುವ ಸ್ಥಿತಿ ಅದು. ‘ಕರ್ಟಸಿ’ ಎಂದರೆ ಸೌಜನ್ಯ. ಸೌಜನ್ಯಕ್ಕೆ ಒಪ್ಪಿದವರು ಸಂತೋಷದಿಂದ ಒಪ್ಪಿರಬಹುದು, ದಾಕ್ಷಿಣ್ಯಕ್ಕೆ ಒಪ್ಪಿದವರಿಗೆ ಒಳಗೆ ಇಕ್ಕಟ್ಟು ಇದ್ದೇ ಇರುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಪಕ್ಕದ ಪದದಲ್ಲಿದೆ. ‘ಒಪ್ಪಿದೆ’ ಎಂದರೆ ನಡೆದದ್ದರ ವರದಿ. ‘ಒಪ್ಪಿಕೊಂಡೆ’ ಎಂದರೆ ಹೊಣೆಯನ್ನು ನನ್ನ ಮೇಲೆ ಎಳೆದುಕೊಂಡೆ. ‘ಒಪ್ಪಿಕೊಂಡುಬಿಟ್ಟೆ’ ಎಂದರೆ ಯೋಚಿಸುವ ಮೊದಲೇ ಮಾತು ಬಾಯಿಂದ ಹೊರಟುಹೋಯಿತು, ಹಿಂತೆಗೆದುಕೊಳ್ಳುವಂತಿಲ್ಲ, ಈಗ ಅದರ ಬಗ್ಗೆ ಸ್ವಲ್ಪ ಪೇಚಾಟವಿದೆ. ಇಷ್ಟನ್ನೂ ‘ಬಿಡು’ ಎಂಬ ಒಂದು ಸಹಾಯಕ ಕ್ರಿಯಾಪದ ಹೊತ್ತಿದೆ. ಇಂಗ್ಲಿಷಿನ ‘ಐ ಅಗ್ರೀಡ್’ ಎಂಬಲ್ಲಿ ಇದ್ಯಾವುದೂ ಇಲ್ಲ, ಇಲ್ಲವೆಂದು ಸೂಚಿಸುವ ಗುರುತೂ ಇಲ್ಲ.

ಇಡೀ ಪ್ರಾಂಪ್ಟಿನಲ್ಲಿ ಅತ್ಯಂತ ಚಿಕ್ಕ ವಾಕ್ಯ ‘ಈಗ ಆಗುತ್ತಿಲ್ಲ’. ಪತ್ರದ ತಿರುಳೂ ಅದೇ, ಅತಿ ಹೆಚ್ಚು ಹಾನಿಯಾದದ್ದೂ ಅದಕ್ಕೇ. ಇದರಲ್ಲಿ ಕರ್ತೃಪದವಿಲ್ಲ. ಯಾರಿಂದ ಆಗುತ್ತಿಲ್ಲ, ಏತಕ್ಕೆ ಆಗುತ್ತಿಲ್ಲ ಎಂಬುದನ್ನು ವಾಕ್ಯ ಹೇಳುವುದೇ ಇಲ್ಲ. ಮೇಲಾಗಿ ಅದು ‘ಆಗುವುದಿಲ್ಲ’ ಅಲ್ಲ, ‘ಆಗುತ್ತಿಲ್ಲ’. ಆಗುವುದಿಲ್ಲ ಎಂದರೆ ನಿರಾಕರಣೆ, ಬಾಗಿಲು ಮುಚ್ಚಿದಂತೆ. ಆಗುತ್ತಿಲ್ಲ ಎಂದರೆ ಪ್ರಯತ್ನ ನಡೆದಿದೆ, ಇನ್ನೂ ನಡೆಯುತ್ತಿದೆ, ಕೈಗೂಡುತ್ತಿಲ್ಲ. ಒಂದರಲ್ಲಿ ಇಚ್ಛೆಯ ಕೊರತೆ ಕಾಣಬಹುದು, ಇನ್ನೊಂದರಲ್ಲಿ ಕಾಣುವುದು ಪರಿಸ್ಥಿತಿಯ ಒತ್ತಡ ಮಾತ್ರ. ಇಂಗ್ಲಿಷಿನ ‘ಐ ಕೆನಾಟ್ ಡೂ ಇಟ್’ ಈ ಎರಡನ್ನೂ ಒಂದೇ ಮಾಡಿತು, ಮಾಡುವಾಗ ‘ನಾನು’ ಎಂಬ ಕರ್ತೃವನ್ನು ಮುಂದೆ ತಂದು ನಿಲ್ಲಿಸಿತು. ಕನ್ನಡದಲ್ಲಿ ಯಾರ ಮೇಲೂ ಹೊರೆ ಹೊರಿಸದೆ ಹೇಳಿದ ಮಾತು ಇಂಗ್ಲಿಷಿನಲ್ಲಿ ನೇರ ನಿರಾಕರಣೆಯಾಯಿತು. ಇದರ ಮೇಲೆ ಕಟ್ಟಿದ ಪತ್ರ ಎಷ್ಟೇ ಮೃದುವಾದ ಪದಗಳನ್ನು ಬಳಸಲಿ, ಒಳಗೆ ಗಡುಸಾಗಿಯೇ ಇರುತ್ತದೆ.

ಕೊನೆಯ ಎರಡು ವಾಕ್ಯಗಳಲ್ಲಿ ‘ಬೇಡ’ ಮತ್ತು ‘ಬೇಕಾಗಿಲ್ಲ’ ಎಂಬ ಎರಡು ನಿಷೇಧಗಳಿವೆ. ಪ್ರಾಂಪ್ಟ್ ಬರೆಯುವವರಿಗೆ ಇದು ಬಹಳ ಉಪಯುಕ್ತವಾದ ವಿಷಯ, ಏಕೆಂದರೆ ಪ್ರಾಂಪ್ಟ್ ಎಂಬುದೇ ಬೇಕುಬೇಡಗಳ ಪಟ್ಟಿ. ಕನ್ನಡದಲ್ಲಿ ಇಲ್ಲ ಎನ್ನಲು ಹಲವು ಮೆಟ್ಟಿಲುಗಳಿವೆ. ‘ವಿವರಿಸಬೇಕಾಗಿಲ್ಲ’ ಎಂದರೆ ಅಗತ್ಯವಿಲ್ಲ, ವಿವರಿಸಿದರೆ ಅಡ್ಡಿಯೂ ಇಲ್ಲ. ‘ವಿವರಿಸುವುದು ಬೇಡ’ ಎಂದರೆ ನನ್ನ ಇಚ್ಛೆ ಹಾಗಿದೆ. ‘ವಿವರಿಸಬಾರದು’ ಎಂದರೆ ಅದು ತಪ್ಪಾಗುತ್ತದೆ. ‘ವಿವರಿಸಕೂಡದು’ ಎಂದರೆ ಕಟ್ಟಪ್ಪಣೆ. ಇಂಗ್ಲಿಷಿನಲ್ಲಿಯೂ ಈ ಮೆಟ್ಟಿಲುಗಳಿಗೆ ರೂಪಗಳಿವೆ, ಹಾಗಾಗಿ ಇದು ಅನುವಾದಕ್ಕೆ ನಿಲುಕದ ವಿಷಯವಲ್ಲ. ಎಡವಟ್ಟಾಗುವುದು ಬೇರೆ ಕಾರಣಕ್ಕೆ. ಮಾತಿನಲ್ಲಿ ಕನ್ನಡಿಗರು ‘ಬೇಕಾಗಿಲ್ಲ’ ಎಂದು ಮೃದುವಾಗಿ ಹೇಳಿ ‘ಬೇಡ’ ಎಂಬ ಅರ್ಥವನ್ನೇ ಉದ್ದೇಶಿಸುವುದುಂಟು, ಕೇಳುವವರು ಧ್ವನಿ ನೋಡಿ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ‘ನೋ ನೀಡ್’ ಎಂದು ಬಂದಾಗ ಮಾದರಿ ಅದನ್ನು ಅಕ್ಷರಶಃ ತೆಗೆದುಕೊಂಡು, ಕೆಲಸದ ಒತ್ತಡ ಎಂಬ ಸಿದ್ಧ ಕಾರಣವೊಂದನ್ನು ಪತ್ರದಲ್ಲಿ ಸೇರಿಸಿದರೆ ಅದರ ತಪ್ಪೆಂದು ಹೇಳಲಾಗದು. ಪತ್ರ ಬರೆಸುತ್ತಿರುವವರು ತಾವು ಹೇಳಬಯಸಿದ್ದು ಬೇಕಾಗಿಲ್ಲವೋ ಬೇಡವೋ ಎಂದು ತಮ್ಮೊಳಗೇ ತೀರ್ಮಾನಿಸಿರಲಿಲ್ಲ. ಇದು ಕನ್ನಡದಲ್ಲೇ ಅಸ್ಪಷ್ಟವಾಗಿದ್ದದ್ದು, ಅನುವಾದದಲ್ಲಿ ಹೊರಬಿತ್ತು.

‘ಸ್ವಲ್ಪ’ ಎಂಬ ಪದವೂ ಇಂಥದೇ. ‘ಇದನ್ನು ಸ್ವಲ್ಪ ಚಿಕ್ಕದು ಮಾಡಿ’ ಎನ್ನುವಾಗ ಸ್ವಲ್ಪ ಎಂಬುದು ಅಳತೆಯೂ ಆಗಬಹುದು, ವಿನಯವೂ ಆಗಬಹುದು. ವಿನಯಕ್ಕೆಂದು ಹೇಳಿದ ಸ್ವಲ್ಪ ಇಂಗ್ಲಿಷಿನಲ್ಲಿ ‘ಸ್ಲೈಟ್ಲಿ’ ಆದರೆ, ಅರ್ಧಕ್ಕೆ ಇಳಿಯಬೇಕಿದ್ದ ಬರಹ ಒಂದು ಸಾಲು ಮಾತ್ರ ಕಡಿಮೆಯಾಗಿ ಬರುತ್ತದೆ. ಬಳಸುವವರು ಮಾದರಿಗೆ ಹೇಳಿದ್ದು ಅರ್ಥವಾಗಲಿಲ್ಲ ಎಂದುಕೊಳ್ಳುತ್ತಾರೆ.

ಪತ್ರ ಕನ್ನಡದಲ್ಲಿಯೇ ಬೇಕಾದಾಗ ಈ ನಷ್ಟ ಎರಡು ಬಾರಿ ಆಗುತ್ತದೆ. ಹೋಗುವಾಗ ನೀನು ನೀವು ಎರಡೂ ‘ಯೂ’ ಆದವು, ಬರುವಾಗ ಆ ‘ಯೂ’ ಏನಾಗಬೇಕೆಂದು ಹೇಳುವ ಸುಳಿವೇ ಉಳಿದಿಲ್ಲ. ಹೋಗುವಾಗ ಆಗುತ್ತಿಲ್ಲ ಎಂಬುದು ‘ಕೆನಾಟ್’ ಆಯಿತು, ಬರುವಾಗ ಅದು ‘ಸಾಧ್ಯವಾಗುವುದಿಲ್ಲ’ ಆಗುತ್ತದೆ. ಹೀಗೆ ಹೋಗಿಬಂದ ಪತ್ರವನ್ನು ಗುರುತಿಸುವುದು ಕಷ್ಟವಲ್ಲ. ‘ನಿಮಗೆ ತಿಳಿಸಲು ವಿಷಾದಿಸುತ್ತೇನೆ’ ಎಂದು ಅದು ಆರಂಭವಾಗುತ್ತದೆ, ‘ನನ್ನ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳುವಿರಿ ಎಂದು ಆಶಿಸುತ್ತೇನೆ’ ಎಂದು ಮುಗಿಯುತ್ತದೆ. ಎದುರು ಕುಳಿತು ನೀನು ಎಂದು ಮಾತಾಡುವ ಹಿರಿಯರಿಗೆ ಯಾವ ಕನ್ನಡಿಗರೂ ಹಾಗೆ ಬರೆಯುವುದಿಲ್ಲ. ಅದನ್ನು ಓದಿದ ಹಿರಿಯರಿಗೆ ಕೆಲಸ ಆಗದಿದ್ದುದಕ್ಕಿಂತ, ತಮ್ಮನ್ನು ಇಷ್ಟು ದೂರ ಇಟ್ಟು ಬರೆದರಲ್ಲ ಎಂಬುದೇ ಹೆಚ್ಚು ನೋವು ಕೊಡುತ್ತದೆ. ಬೇಜಾರಾಗಬಾರದು ಎಂಬ ಕೋರಿಕೆಯಿಂದ ಹೊರಟ ಪ್ರಾಂಪ್ಟ್ ಬೇಜಾರನ್ನೇ ತಂದಿಟ್ಟಿತು.

ಹಾಗಾದರೆ ಮಾಡುವುದೇನು? ಪ್ರಾಂಪ್ಟಿನ ಇಂಗ್ಲಿಷನ್ನು ಎಷ್ಟು ತಿದ್ದಿದರೂ ಪ್ರಯೋಜನ ಕಡಿಮೆ, ಏಕೆಂದರೆ ಅಲ್ಲಿ ತಿದ್ದುವುದಕ್ಕೆ ಬೇಕಾದ ವಿಷಯವೇ ಉಳಿದಿಲ್ಲ. ಕೆಲಸ ಆಗಬೇಕಾದ್ದು ಅನುವಾದಕ್ಕೆ ಮೊದಲು, ಕನ್ನಡದಲ್ಲಿಯೇ. ನಾನು ಅನುಸರಿಸುವ ಕ್ರಮ ಸರಳವಾದದ್ದು. ಕನ್ನಡದ ಕರಡಿನಲ್ಲಿ ಪ್ರತಿಯೊಂದು ಕ್ರಿಯಾಪದದ ಬಾಲಕ್ಕೆ ಗೆರೆ ಎಳೆಯುತ್ತೇನೆ. ಆ ಬಾಲ ಹೇಳುತ್ತಿರುವುದನ್ನು ಕನ್ನಡದಲ್ಲೇ ಒಂದು ಪೂರ್ಣ ವಾಕ್ಯವಾಗಿ ಬರೆಯುತ್ತೇನೆ. ‘ತಿದ್ದಿಕೊಡು’ ಎಂಬುದು ‘ಅವರು ನನ್ನನ್ನು ನೀನು ಎನ್ನುತ್ತಾರೆ, ನಾನು ಅವರನ್ನು ನೀವು ಎನ್ನುತ್ತೇನೆ, ಅವರು ಇದನ್ನು ಉಪಕಾರವಾಗಿ ಕೇಳಿದರು’ ಎಂದು ಬಿಚ್ಚಿಕೊಳ್ಳುತ್ತದೆ. ‘ಆಗುತ್ತಿಲ್ಲ’ ಎಂಬುದು ‘ಪ್ರಯತ್ನಿಸಿದ್ದೇನೆ, ಕೆಲಸ ಮುಂದುವರಿಯುತ್ತಿಲ್ಲ’ ಎಂದಾಗುತ್ತದೆ. ಕರ್ತೃವಿಲ್ಲದ ವಾಕ್ಯಕ್ಕೆ ಕರ್ತೃ ಯಾರು, ‘ಅವರು’ ಎಂದರೆ ಹೆಣ್ಣೋ ಗಂಡೋ, ‘ಬೇಕಾಗಿಲ್ಲ’ ಎಂದರೆ ನಿಜವಾಗಿ ಬೇಡವೋ ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಈ ಉತ್ತರಗಳು ನನಗೆ ಮಾತ್ರ ಗೊತ್ತಿರುವಂಥವು, ಯಾವ ಅನುವಾದ ಸಾಧನವೂ ಅವನ್ನು ಊಹಿಸಲಾರದು. ಹೀಗೆ ಬಿಚ್ಚಿದ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿದಾಗ ಸಿಗುವುದು ಇದು:

```
Write a letter in Kannada to an older woman I work with. She is
not my boss. She calls me ನೀನು; I call her ನೀವು. As a personal
favour she asked me to correct her book draft. I said yes too
quickly, out of ದಾಕ್ಷಿಣ್ಯ: I could not refuse her to her face.
I have tried, and it is not getting done. I am returning the
draft. Do not give any reason. She must not feel she was wrong
to ask. Be warm and respectful. No office phrases, no joking.
```

ಮೊದಲಿನ ಇಂಗ್ಲಿಷ್ ಪ್ರಾಂಪ್ಟಿಗಿಂತ ಇದು ಹೆಚ್ಚುಕಡಿಮೆ ಎರಡು ಪಟ್ಟು ಉದ್ದವಾಗಿದೆ. ಇದನ್ನು ನೋಡಿ ಗಾಬರಿಯಾಗಬೇಕಿಲ್ಲ. ಕನ್ನಡ ತನ್ನ ಪ್ರತ್ಯಯಗಳಲ್ಲಿ ಅಡಗಿಸಿಟ್ಟದ್ದನ್ನು ಇಂಗ್ಲಿಷ್ ಪ್ರತ್ಯೇಕ ವಾಕ್ಯಗಳಲ್ಲಿ ಹೇಳಬೇಕಾಗುತ್ತದೆ, ಉದ್ದವಾಗದಿದ್ದರೆ ಏನೋ ಬಿಟ್ಟುಹೋಗಿದೆ ಎಂದೇ ಅನುಮಾನಿಸಬೇಕು.

ಇದರಲ್ಲಿ ಮೂರು ಕನ್ನಡ ಪದಗಳನ್ನು ಹಾಗೆಯೇ ಉಳಿಸಿಕೊಂಡಿರುವುದನ್ನು ಗಮನಿಸಬೇಕು. ಈಗಿನ ದೊಡ್ಡ ಭಾಷಾ ಮಾದರಿಗಳು ಎರಡು ಲಿಪಿಗಳು ಬೆರೆತ ಪ್ರಾಂಪ್ಟನ್ನು ತೊಂದರೆಯಿಲ್ಲದೆ ಓದುತ್ತವೆ. ಕನ್ನಡ ಪದವನ್ನು ಉಳಿಸಿಕೊಂಡಾಗ ಅದರ ಸುತ್ತಲಿನ ಬಳಕೆಯೂ ಜೊತೆಗೆ ಬರುತ್ತದೆ, ಪಕ್ಕದಲ್ಲಿರುವ ಇಂಗ್ಲಿಷ್ ವಿವರಣೆ ಆ ಪದವನ್ನು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂದು ಹಿಡಿದು ನಿಲ್ಲಿಸುತ್ತದೆ. ವಿವರಣೆಯಿಲ್ಲದೆ ಪದವನ್ನಷ್ಟೇ ಇಟ್ಟರೆ ಮಾದರಿ ಮತ್ತೆ ಅದನ್ನು ಸೌಜನ್ಯ ಎಂದೇ ಓದಿಕೊಳ್ಳುವ ಸಾಧ್ಯತೆಯಿದೆ. ‘ಬೇಜಾರು’ ಎಂಬುದನ್ನು ನಾನು ಉಳಿಸಿಕೊಳ್ಳಲಿಲ್ಲ. ಕನ್ನಡದಲ್ಲಿ ಅದು ನೋವು, ಅಸಮಾಧಾನ, ಬೇಸರ ಎಲ್ಲವನ್ನೂ ಒಳಗೊಳ್ಳುವ ಅಗಲವಾದ ಪದ. ಇಲ್ಲಿ ಆ ಅಗಲದಿಂದ ಉಪಯೋಗವಿಲ್ಲ, ಕೇಳಿದ್ದೇ ತಪ್ಪಾಯಿತೇನೋ ಎಂದು ಅವರಿಗೆ ಅನ್ನಿಸಬಾರದು ಎಂಬ ಒಂದು ಅಂಶ ಮಾತ್ರ ಮುಖ್ಯ. ‘ಸಲಿಗೆ’ಯನ್ನೂ ‘ಕ್ಯಾಶುಯಲ್’ ಎನ್ನುವ ಬದಲು ತಮಾಷೆ ಬೇಡ ಎಂದು ಬಿಡಿಸಿ ಹೇಳಿದ್ದೇನೆ, ಏಕೆಂದರೆ ಕ್ಯಾಶುಯಲ್ ಎಂಬುದು ಬರವಣಿಗೆಯ ಧಾಟಿ, ಸಲಿಗೆ ಎಂಬುದು ಒಬ್ಬರು ಇನ್ನೊಬ್ಬರ ಬಳಿ ತೆಗೆದುಕೊಳ್ಳುವ ಸ್ವಾತಂತ್ರ್ಯ.

ಅನುವಾದ ಸರಿಯಾಯಿತೇ ಎಂದು ಪರೀಕ್ಷಿಸಲು ಇಂಗ್ಲಿಷ್ ಪ್ರಾಂಪ್ಟನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡುವ ಕ್ರಮ ಹಲವರಿಗೆ ಗೊತ್ತಿದೆ. ಅದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಕನ್ನಡದ ಮೂಲವನ್ನು ಕೊಟ್ಟಿದ್ದ ಅದೇ ಸಂಭಾಷಣೆಯೊಳಗೆ ಮರುಅನುವಾದವನ್ನೂ ಕೇಳಿದರೆ, ಮಾದರಿಯ ಮುಂದೆ ಮೂಲ ಇನ್ನೂ ತೆರೆದೇ ಇರುತ್ತದೆ. ಅದನ್ನು ನೋಡಿಕೊಂಡು ಬರೆದ ಮರುಅನುವಾದ ಚೆನ್ನಾಗಿಯೇ ಕಾಣುತ್ತದೆ, ಪರೀಕ್ಷೆ ಅರ್ಥ ಕಳೆದುಕೊಳ್ಳುತ್ತದೆ. ಮೂಲವನ್ನು ಕಾಣದ ಹೊಸ ಸಂಭಾಷಣೆಯಲ್ಲಿ ಕೇಳಬೇಕು, ಅಥವಾ ಮೂಲವನ್ನು ನೋಡದ ಇನ್ನೊಬ್ಬರಿಂದ ಓದಿಸಬೇಕು. ಬಂದದ್ದನ್ನು ಹೋಲಿಸುವಾಗ ನಾಮಪದಗಳ ಮೇಲೆ ಕಣ್ಣಿಡುವುದರಿಂದ ಏನೂ ತಿಳಿಯುವುದಿಲ್ಲ, ಪುಸ್ತಕ ಪುಸ್ತಕವಾಗಿಯೇ ಇರುತ್ತದೆ, ಪತ್ರ ಪತ್ರವಾಗಿಯೇ ಇರುತ್ತದೆ. ಕ್ರಿಯಾಪದಗಳ ಕೊನೆಯನ್ನು ಮಾತ್ರ ಹೋಲಿಸಬೇಕು. ‘ಆಗುತ್ತಿಲ್ಲ’ ಹೋಗಿ ‘ಆಗುವುದಿಲ್ಲ’ ಬಂದಿದೆಯೇ, ‘ಬೇಡ’ ಹೋಗಿ ‘ಬೇಕಾಗಿಲ್ಲ’ ಬಂದಿದೆಯೇ, ಏಕವಚನ ಬಹುವಚನವಾಗಿದೆಯೇ ಎಂದು ನೋಡಿದರೆ ಸೋರಿದ ಜಾಗ ಸಿಗುತ್ತದೆ.

ಚಿತ್ರ ರಚಿಸುವ ಸಾಧನಗಳಲ್ಲಿ ಸಂಬಂಧಸೂಚಕ ರೂಪಗಳಿಗಿಂತ ಬೇರೆ ಅಂಶಗಳು ತೊಂದರೆ ಕೊಡುತ್ತವೆ. ಕನ್ನಡದಲ್ಲಿ ‘ಮರದ ತುಂಬ ಹಕ್ಕಿ’ ಎಂದರೆ ಹಕ್ಕಿ ಏಕವಚನದಲ್ಲಿದ್ದರೂ ನಮಗೆ ಕಾಣುವುದು ಹಕ್ಕಿಗಳ ಹಿಂಡು. ‘ಮಳೆಯಲ್ಲಿ ನೆನೆದ ಹುಡುಗಿಯ ಕೊಡೆ’ ಎಂಬಲ್ಲಿ ನೆನೆದದ್ದು ಹುಡುಗಿಯೋ ಕೊಡೆಯೋ ಎಂಬುದನ್ನು ವಾಕ್ಯ ತೆರೆದೇ ಇಟ್ಟಿದೆ, ಇಂಗ್ಲಿಷ್ ಒಂದನ್ನು ಆರಿಸಿಬಿಡುತ್ತದೆ. ‘ಜಿಟಿಜಿಟಿ ಮಳೆ’ಯಲ್ಲಿ ಬಿಡದೆ ಸುರಿಯುವ ಕಿರಿಕಿರಿಯೂ ಕಾಲಡಿಯ ಕೆಸರೂ ಇವೆ, ‘ಡ್ರಿಜಲ್’ ಎಂಬಲ್ಲಿ ಹನಿಯ ಗಾತ್ರ ಮಾತ್ರ ಉಳಿಯುತ್ತದೆ. ಇವನ್ನೆಲ್ಲ ಬಿಡಿಸಿ ಬರೆಯೋಣವೆಂದರೆ ಜಾಗದ ಮಿತಿ ಅಡ್ಡಬರುತ್ತದೆ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳಲ್ಲಿ ಪ್ರಾಂಪ್ಟನ್ನು ಓದುವ ಭಾಗಕ್ಕೆ ಒಮ್ಮೆಗೆ ಹಿಡಿಸುವುದು 77 ಟೋಕನ್, ಅದರಲ್ಲಿ ಆರಂಭ ಮತ್ತು ಅಂತ್ಯದ ಗುರುತುಗಳನ್ನು ಬಿಟ್ಟರೆ 75. ಅಂಥ ಕಡೆ ಎಲ್ಲ ಛಾಯೆಗಳನ್ನೂ ತುಂಬಲಾಗದು, ಯಾವುದನ್ನು ಬಿಟ್ಟರೆ ಚಿತ್ರವೇ ಬೇರೆಯಾಗುತ್ತದೆಯೋ ಅದನ್ನು ಮೊದಲು ಹೇಳಬೇಕು. ಇನ್ನು ಕೆಲವು ಸಾಧನಗಳು ನಾವು ಕೊಟ್ಟ ಪ್ರಾಂಪ್ಟನ್ನು ತಾವೇ ಹಿಗ್ಗಿಸಿ ಬೇರೆಯಾಗಿ ಬರೆದುಕೊಂಡು ಚಿತ್ರ ರಚಿಸುತ್ತವೆ. 2023ರಲ್ಲಿ ಬಂದ ಡಾಲ್-ಇ 3 ಎಂಬ ಚಿತ್ರ ಸಾಧನವನ್ನು ಬೇರೆ ಪ್ರೋಗ್ರಾಂಗಳಿಂದ ಬಳಸಲು ಇದ್ದ ಎಪಿಐ ಹಾಗೆ ಬದಲಿಸಿದ ಪಠ್ಯವನ್ನು `revised_prompt` ಎಂಬ ಹೆಸರಿನಲ್ಲಿ ಚಿತ್ರದ ಜೊತೆಗೆ ಹಿಂತಿರುಗಿಸುತ್ತಿತ್ತು. ಇಂಥ ಪಠ್ಯ ಎಲ್ಲಿ ಸಿಕ್ಕರೂ ಓದಬೇಕು. ನಮ್ಮ ಒಂದು ಹಕ್ಕಿ ಎಲ್ಲಿ ಹಿಂಡಾಯಿತು, ಹಿಂಡು ಎಲ್ಲಿ ಒಂದಾಯಿತು ಎಂಬುದು ಅಲ್ಲಿ ಅಕ್ಷರಗಳಲ್ಲೇ ಕಾಣುತ್ತದೆ.

ಬಿಚ್ಚಿ ಬರೆಯುವ ಈ ಕ್ರಮಕ್ಕೂ ಒಂದು ಮಿತಿಯಿದೆ. ಕನ್ನಡದ ಪ್ರತ್ಯಯ ಸೂಚಿಸುತ್ತದೆ, ಹೇಳುವುದಿಲ್ಲ. ‘ಒಪ್ಪಿಕೊಂಡುಬಿಟ್ಟೆ’ ಎಂಬಲ್ಲಿರುವ ಪೇಚಾಟ ಕೇಳುವವರಿಗೆ ತಾಗುತ್ತದೆಯೇ ಹೊರತು ಅವರ ಮುಂದೆ ಹರವಿ ಇಟ್ಟಂತೆ ಇರುವುದಿಲ್ಲ. ಅದನ್ನೇ ಪ್ರಾಂಪ್ಟಿನಲ್ಲಿ ಬಾಯಿಬಿಟ್ಟು ವಿವರಿಸಿದಾಗ ಮಾದರಿ ಆ ವಿವರಣೆಯನ್ನು ಪತ್ರದೊಳಕ್ಕೇ ಎತ್ತಿಕೊಂಡು ಹೋಗುವುದುಂಟು. ‘ನಿಮ್ಮ ಮುಖ ನೋಡಿ ಇಲ್ಲ ಎನ್ನಲಾಗದೆ ಅವಸರದಲ್ಲಿ ಒಪ್ಪಿಕೊಂಡೆ’ ಎಂದು ಪತ್ರದಲ್ಲಿ ಬಂದರೆ, ಅದು ಸತ್ಯವೇ ಆಗಿದ್ದರೂ, ಓದುವವರಿಗೆ ತಾವು ಒತ್ತಾಯ ಮಾಡಿದೆವು ಎಂಬ ಆಪಾದನೆಯಂತೆ ಕೇಳಿಸುತ್ತದೆ. ಹಾಗಾಗಿ ಹಿನ್ನೆಲೆಯಾಗಿ ಕೊಟ್ಟ ಸಂಗತಿಗಳನ್ನೂ ಪತ್ರದಲ್ಲಿ ಬರಬೇಕಾದ ಸಂಗತಿಗಳನ್ನೂ ಬೇರೆಬೇರೆಯಾಗಿ ಬರೆದು, ಹಿನ್ನೆಲೆ ನಿನ್ನ ತಿಳಿವಳಿಕೆಗೆ ಮಾತ್ರ, ಪತ್ರದಲ್ಲಿ ಹೇಳಬೇಡ ಎಂಬ ಸಾಲೊಂದನ್ನು ಪ್ರಾಂಪ್ಟಿಗೆ ಸೇರಿಸಬೇಕಾಗುತ್ತದೆ. ಇದರಿಂದ ಸಾಕಷ್ಟು ಸರಿಹೋಗುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ಒಂದು ಮಾತನ್ನು ಹೇಳದೆಯೂ ಧ್ವನಿಸುವುದಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ ಆದೇಶ ಸಾಕಾಗುವುದಿಲ್ಲ, ಆ ಧ್ವನಿ ಕನ್ನಡದ ರೂಪದಲ್ಲಿಯೇ ಇದೆ.

ಆದ್ದರಿಂದ ಕೊಡಬೇಕಾದ ಫಲಿತ ಕನ್ನಡದ್ದೇ ಆಗಿರುವಾಗ, ವಿಶೇಷವಾಗಿ ಅದು ಒಬ್ಬ ಮನುಷ್ಯರಿಗೆ ಮುಟ್ಟಬೇಕಾದ ಬರಹವಾಗಿರುವಾಗ, ಮೊದಲ ಪ್ರಯತ್ನವನ್ನು ಕನ್ನಡದ ಪ್ರಾಂಪ್ಟಿನಿಂದಲೇ ಮಾಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಪಟ್ಟಿ ವಿಂಗಡಿಸುವುದು, ಲೆಕ್ಕ ಮಾಡುವುದು, ಕೋಡ್ ಬರೆಯುವುದು ಇಂಥವಕ್ಕೆ ಇಂಗ್ಲಿಷಿಗೆ ತಿರುಗಿಸಿದರೆ ಕಳೆದುಕೊಳ್ಳುವುದು ಕಡಿಮೆ. ನಡುವಿನ ದಾರಿಯೂ ಒಂದಿದೆ. ಆದೇಶಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ನಾವು ಅದೇ ಹಿರಿಯರಿಗೆ ಹಿಂದೆ ಬರೆದ ಮೂರುನಾಲ್ಕು ಸಾಲುಗಳ ಕನ್ನಡವನ್ನು ಉದಾಹರಣೆಯಾಗಿ ಜೊತೆಗಿಡುವುದು. ಹಾಗೆ ಇಡುವಾಗ ಅವರ ಹೆಸರನ್ನೂ ಖಾಸಗಿ ವಿವರಗಳನ್ನೂ ತೆಗೆದುಹಾಕಬೇಕು. ನೀನು ನೀವುಗಳ ಬಗ್ಗೆ ಎಷ್ಟು ವಿವರಿಸಿದರೂ ಸಿಗದ ಹದ ಆ ನಾಲ್ಕು ಸಾಲುಗಳಿಂದ ಎಷ್ಟೋ ಬಾರಿ ಸಿಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆಯೂ ಬಂದ ಪತ್ರದ ನಡುವಿನಲ್ಲಿ ‘ಈ ಕೆಲಸವನ್ನು ಪೂರ್ಣಗೊಳಿಸಲು ನನಗೆ ಸಾಧ್ಯವಾಗುವುದಿಲ್ಲ’ ಎಂಬ ವಾಕ್ಯ ಸಿಕ್ಕರೆ, ಇನ್ನೊಂದು ಪ್ರಾಂಪ್ಟ್ ಬರೆಯುವುದಕ್ಕಿಂತ ಅದನ್ನು ಅಳಿಸಿ, ಆ ಜಾಗದಲ್ಲಿ ಕೈಯಿಂದಲೇ ‘ಎಷ್ಟು ಕೂತರೂ ಆಗುತ್ತಿಲ್ಲ’ ಎಂದು ಬರೆಯುವುದು ಬೇಗ ಮುಗಿಯುವ ಕೆಲಸ.